ಒಂದು ‘ರೆ’ಗೆ ಮೂರು ಪದ

ಕುರಾನಿನ ಅರಬ್ಬಿಯಲ್ಲಿ ಷರತ್ತಿನ ಸ್ವಭಾವ ವಾಕ್ಯದ ಮೊದಲ ಪದದಲ್ಲೇ ಗೊತ್ತಾಗುತ್ತದೆ. ಕನ್ನಡದಲ್ಲಿ ‘ಬಂದರೆ ಕೊಡುತ್ತೇನೆ’, ‘ಬಂದಿದ್ದರೆ ಕೊಡುತ್ತಿದ್ದೆ’ ಎಂಬ ವ್ಯತ್ಯಾಸವನ್ನು ಕ್ರಿಯಾಪದ ಹೇಳುತ್ತದೆ. ಅರಬ್ಬಿಯಲ್ಲಿ ಆ ಕೆಲಸ ಅವ್ಯಯದ್ದು. ಆಗಲೂಬಹುದು, ಆಗದಿರಲೂಬಹುದು ಎಂಬಲ್ಲಿ ‘ಇನ್’ ಬರುತ್ತದೆ. ಆಗಿಯೇ ತೀರುತ್ತದೆ, ಹೊತ್ತು ಮಾತ್ರ ಬರಬೇಕು ಎಂಬಲ್ಲಿ ‘ಇದಾ’. ಅಂತ್ಯದಿನದ ವರ್ಣನೆಗಳಲ್ಲಿ ಇದೇ ಹೆಚ್ಚು. ಆಗಿಲ್ಲ ಎಂದು ತಿಳಿದೇ ಊಹಿಸುವಾಗ ‘ಲೌ’.

21ನೇ ಅಧ್ಯಾಯದ 22ನೇ ವಚನವನ್ನು ನೋಡಬಹುದು. ಭೂಮಿ-ಆಕಾಶಗಳಲ್ಲಿ ಬೇರೆ ದೇವರುಗಳಿದ್ದಿದ್ದರೆ ಎರಡೂ ಕೆಟ್ಟುಹೋಗುತ್ತಿದ್ದವು ಎಂಬುದು ಅದರ ತಾತ್ಪರ್ಯ. ಆರಂಭದಲ್ಲಿ ‘ಲೌ’, ಹಿಂದೆಯೇ ‘ಕಾನ’ ಎಂಬ ಭೂತರೂಪ. ಫಲ ಹೇಳುವ ಕ್ರಿಯಾಪದಕ್ಕೆ ‘ಲ’ ಅಂಟಿದೆ. ಎರಡೂ ಕೆಟ್ಟಿಲ್ಲ, ಆದ್ದರಿಂದ ಬೇರೆ ದೇವರುಗಳಿಲ್ಲ ಎಂಬ ವಾದವೆಲ್ಲ ಆ ‘ಲೌ’ ಮೇಲೆಯೇ ನಿಂತಿದೆ.

ಕ್ರಿಯಾಪದವನ್ನಷ್ಟೇ ನಂಬಿದರೆ ಎಡವುವುದು ಖಚಿತ. 43ನೇ ಅಧ್ಯಾಯದ 81ನೇ ವಚನದಲ್ಲೂ ಅದೇ ‘ಕಾನ’ ಇದೆ. ಆದರೆ ಮುಂದಿರುವುದು ‘ಇನ್’. ದೇವರಿಗೆ ಮಗನಿದ್ದರೆ ಎಂಬ, ಕುರಾನಿನ ದೃಷ್ಟಿಯಲ್ಲಿ ಅಸಾಧ್ಯವಾದ ಮಾತಿಗೆ ‘ಇನ್’ ಏಕೆ? ವಾದಕ್ಕಾಗಿ ಎದುರಾಳಿಯ ಮಾತನ್ನು ಒಪ್ಪಿದಂತೆ ಇಟ್ಟುಕೊಂಡದ್ದು ಎನ್ನುತ್ತಾರೆ ಕೆಲವು ವ್ಯಾಖ್ಯಾನಕಾರರು. ಇಲ್ಲಿ ‘ಇನ್’ ಷರತ್ತೇ ಅಲ್ಲ, ‘ಇಲ್ಲ’ ಎಂಬ ನಿಷೇಧ ಎನ್ನುತ್ತಾರೆ ಇನ್ನು ಕೆಲವರು. ಮೊದಲನೆಯದೇ ಸಹಜವಾಗಿ ಕಾಣುತ್ತದೆ.