ಸೆನ್ಸರ್ ಸರಿಯಿದೆ, ಕ್ಲಾಕ್ ತಲೆಕೆಳಗಾಗಿದೆ

ಎಡಿಎಕ್ಸ್‌ಎಲ್345 ಎಂಬ ಪುಟ್ಟ ಸೆನ್ಸರ್ ಅಲುಗಾಟವನ್ನೂ ಓರೆಯನ್ನೂ ಅಳೆಯುತ್ತದೆ. ಅದಕ್ಕೆ 0x80 ಎಂಬ ಬೈಟ್ ಕಳಿಸಿದರೆ ಮುಂದಿನ ಬೈಟಿನಲ್ಲಿ ತನ್ನ ಗುರುತು 0xE5 ಹೇಳಬೇಕು. ಬದಲಿಗೆ 0x00 ಬಂದರೆ ಹೆಚ್ಚಿನವರು ಮೊದಲು ಸೆನ್ಸರನ್ನು ಅನುಮಾನಿಸುತ್ತಾರೆ, ಆಮೇಲೆ ಬೆಸುಗೆಯನ್ನು. ಅದಕ್ಕೂ ಮೊದಲು ತಂತಿಗಳ ಮೇಲೆ ಏನು ಓಡುತ್ತಿದೆ ಎಂದು ನೋಡಬೇಕು.

ಎಸ್‌ಪಿಐ ಸಂಪರ್ಕಕ್ಕೆ ಸಾಮಾನ್ಯವಾಗಿ ನಾಲ್ಕು ತಂತಿ: ಕ್ಲಾಕ್, ಹೋಗುವ ಡೇಟಾ, ಬರುವ ಡೇಟಾ, ಚಿಪ್ ಸೆಲೆಕ್ಟ್. ಕ್ಲಾಕ್ ಒಮ್ಮೆ ಏರಿ ಇಳಿದರೆ ಒಂದು ಬಿಟ್ ದಾಟುತ್ತದೆ. ಕೆಲಸವಿಲ್ಲದಾಗ ಕ್ಲಾಕ್ ಮೇಲಿರಬೇಕೋ ಕೆಳಗಿರಬೇಕೋ ಎಂಬುದೇ ಅದರ ಪೊಲಾರಿಟಿ, ಅಂದರೆ CPOL. ಈ ಸೆನ್ಸರಿಗೆ ಅದು ಮೇಲಿರಬೇಕು. ಕ್ಲಾಕ್ ಇಳಿಯುವಾಗ ಮೈಕ್ರೋಕಂಟ್ರೋಲರ್ ಬಿಟ್ ಇಡುತ್ತದೆ, ಏರುವಾಗ ಸೆನ್ಸರ್ ಅದನ್ನು ಓದಿಕೊಳ್ಳುತ್ತದೆ.

ಲಾಜಿಕ್ ಅನಲೈಜರಿನ ನಾಲ್ಕು ಕ್ಲಿಪ್‌ಗಳನ್ನು ಈ ತಂತಿಗಳಿಗೆ, ಐದನೆಯದನ್ನು ಗ್ರೌಂಡಿಗೆ ಸಿಕ್ಕಿಸಿ. ಕ್ಲಾಕ್ 1 ಮೆಗಾಹರ್ಟ್ಸ್ ಇದ್ದರೆ, ಸೆಕೆಂಡಿಗೆ 2.4 ಕೋಟಿ ಬಾರಿ ನೋಡುವ ಅಗ್ಗದ ಅನಲೈಜರೂ ಸಾಕು. ಚಿಪ್ ಸೆಲೆಕ್ಟ್ ಕೆಳಗಿಳಿದ ಕ್ಷಣದಿಂದ ರೆಕಾರ್ಡ್ ಆಗುವಂತೆ ಟ್ರಿಗರ್ ಇಡಿ.

ದಾರಿ ತಪ್ಪುವುದು ಇನ್ನು ಮುಂದೆ. ಅನಲೈಜರಿನ ಡೀಕೋಡರಿಗೂ CPOL ಎಷ್ಟೆಂದು ಹೇಳಬೇಕು. ನಮ್ಮ ಕೋಡಿನಲ್ಲಿರುವ ಬೆಲೆಯನ್ನೇ ಅಲ್ಲಿಯೂ ಕೊಟ್ಟರೆ ಪರದೆಯ ಮೇಲೆ 0x80 ಅಚ್ಚುಕಟ್ಟಾಗಿ ಮೂಡುತ್ತದೆ. ಕಳಿಸಿದ್ದು ಸರಿಯೆಂದು ನಂಬಿಬಿಡುತ್ತೇವೆ. ಆದರೆ ಕೋಡಿಗೂ ಡೀಕೋಡರಿಗೂ ಇರುವುದು ಒಂದೇ ತಪ್ಪು. ಆದ್ದರಿಂದ ಡೀಕೋಡರಿಗೆ ಸೆನ್ಸರಿನ ಡೇಟಾಶೀಟ್ ಹೇಳುವ ಬೆಲೆಯನ್ನೇ ಕೊಡಬೇಕು: CPOL=1, CPHA=1.

ಅದಾದ ಮೇಲೆ ಬೈಟುಗಳನ್ನು ಬಿಟ್ಟು ಗೆರೆಗಳನ್ನು ನೋಡಿ. ಚಿಪ್ ಸೆಲೆಕ್ಟ್ ಇಳಿಯುವಾಗ ಕ್ಲಾಕ್ ಕೆಳಗಿದೆಯೇ? ಹೋಗುವ ಡೇಟಾ ಬದಲಾಗುತ್ತಿರುವುದು ಕ್ಲಾಕ್ ಏರುವಾಗಲೇ? ಎರಡಕ್ಕೂ ಹೌದೆಂದರೆ ಪೊಲಾರಿಟಿ ತಪ್ಪಿದೆ. ಸೆನ್ಸರ್ ಓದುವ ಹೊತ್ತಿಗೇ ಬಿಟ್ ಬದಲಾಗುತ್ತಿರುವುದರಿಂದ ಹೊಸದರ ಬದಲು ಹಿಂದಿನ ಬಿಟ್ ಅದರ ಕೈಸೇರಬಹುದು. ಆಗ 10000000 ಎಂದು ಕಳಿಸಿದ್ದು ಒಂದು ಸ್ಥಾನ ಸರಿದು 01000000, ಅಂದರೆ 0x40 ಆಗುತ್ತದೆ. ಈ ಸೆನ್ಸರಿನಲ್ಲಿ ಮೊದಲ ಬಿಟ್ 1 ಇದ್ದರೆ ಓದು, 0 ಇದ್ದರೆ ಬರೆ. ನಾವು ಗುರುತು ಕೇಳಿದೆವು. ಅದಕ್ಕೆ ಕೇಳಿಸಿದ್ದು ಬರೆಯುವ ಅಪ್ಪಣೆ. ಹಾಗಾಗಿ ಅದು ಉತ್ತರಿಸಲೇ ಇಲ್ಲ. ಈ ಜಾರುವಿಕೆ ನ್ಯಾನೊಸೆಕೆಂಡುಗಳ ಅಂತರದ್ದು. ಒಂದು ಬೋರ್ಡಿನಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣದಿರಬಹುದು.

ಆರ್ಡುಯಿನೊದಲ್ಲಿ ತಿದ್ದುಪಡಿ ಒಂದೇ ಪದದ್ದು. `SPI_MODE1` ಇದ್ದಲ್ಲಿ `SPI_MODE3` ಬರಬೇಕು:

```
SPI.beginTransaction(SPISettings(1000000, MSBFIRST, SPI_MODE3));
digitalWrite(CS, LOW);
```

ಈ ಎರಡು ಸಾಲುಗಳ ಕ್ರಮವನ್ನು ಮಾತ್ರ ಅದಲುಬದಲು ಮಾಡಬೇಡಿ. ಚಿಪ್ ಸೆಲೆಕ್ಟ್ ಮೊದಲೇ ಇಳಿದಿದ್ದರೆ, ಆಮೇಲೆ ಕ್ಲಾಕ್ ತನ್ನ ಜಾಗಕ್ಕೆ ಏರುವುದನ್ನೂ ಸೆನ್ಸರ್ ಒಂದು ಬಿಟ್ ಎಂದು ಎಣಿಸಿಕೊಳ್ಳುತ್ತದೆ.