ಮೈಕ್ ಕೊಳ್ಳುವ ಮೊದಲು ದೂರ ಅಳೆಯಿರಿ

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಬಾಲ್ಯದಲ್ಲೇ ಊರು ಬಿಟ್ಟು ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರು. ಅವರ ನೆನಪುಗಳನ್ನು ಚಿತ್ರೀಕರಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಅವರಿಂದ ಎಂಟು ಅಡಿ ದೂರದಲ್ಲಿಟ್ಟು ಎರಡು ಗಂಟೆ ರೆಕಾರ್ಡ್ ಮಾಡಿದೆ. ಮನೆಗೆ ಬಂದು ಕೇಳಿದರೆ ಫ್ಯಾನಿನ ಗುಂಯ್‌ಗುಡುವಿಕೆ ಸ್ಪಷ್ಟವಾಗಿತ್ತು, ಅವರ ಮಾತು ಬಾವಿಯೊಳಗಿಂದ ಬಂದಂತಿತ್ತು. ಇನ್ನೊಮ್ಮೆ ಹೋಗೋಣವೆನ್ನುವಷ್ಟರಲ್ಲಿ ಅವರು ತೀರಿಕೊಂಡರು.

ತಪ್ಪು ಮೊಬೈಲಿನದ್ದಲ್ಲ, ದೂರದ್ದು. ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದಾಗಲೆಲ್ಲ ಮೈಕಿಗೆ ನೇರವಾಗಿ ತಲುಪುವ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಎಂಟು ಅಡಿಯಿಂದ ನಾಲ್ಕು, ಎರಡು, ಒಂದು, ಅರ್ಧ ಅಡಿ ಎಂದು ನಾಲ್ಕು ಬಾರಿ ಅರ್ಧ ಮಾಡಿದರೆ ಒಟ್ಟು 24 ಡೆಸಿಬೆಲ್ ಲಾಭ. ಕೋಣೆಯ ಫ್ಯಾನಿನ ಸದ್ದು ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಈ ಲೆಕ್ಕ ತಿಳಿದರೆ ಮೈಕಿನ ಆಯ್ಕೆ ಸುಲಭ.

ಒಬ್ಬರನ್ನು ಕೂರಿಸಿ ಸಂದರ್ಶಿಸುವುದಾದರೆ ಲೇವಲಿಯರ್, ಅಂದರೆ ಕಾಲರ್ ಮೈಕ್, ಸರಿಯಾದ ಆಯ್ಕೆ. ಗದ್ದದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ ಅದನ್ನು ಸಿಕ್ಕಿಸಬೇಕು. ರೇಷ್ಮೆ ಸೀರೆಯ ಸೆರಗು, ಶಾಲು, ಕರಿಮಣಿ ಸರ ತಾಗಿದರೆ ಪರಪರ ಸದ್ದು ಬರುತ್ತದೆ. ಅವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಳ್ಳುವಂತೆ ವಿನಂತಿಸಬೇಕು. ತಂತಿಯ ಮೈಕಾದರೆ ಅದರ ಪಿನ್ನನ್ನೂ ನೋಡಿ. ಮೊಬೈಲಿನ 3.5 ಮಿ.ಮೀ. ತೂತಿಗೆ ಮೂರು ಕಪ್ಪು ಗೆರೆಗಳ ಪಿನ್ ಬೇಕು. ಎರಡೇ ಗೆರೆಗಳಿರುವ ಕ್ಯಾಮೆರಾ ಪಿನ್ ಚುಚ್ಚಿದರೆ ಮೊಬೈಲ್ ಅದನ್ನು ಗುರುತಿಸದೆ, ಸದ್ದಿಲ್ಲದೆ ತನ್ನದೇ ಮೈಕಿನಿಂದ ರೆಕಾರ್ಡ್ ಮಾಡುತ್ತದೆ. ಇದನ್ನು ಪತ್ತೆ ಹಚ್ಚಲು ರೆಕಾರ್ಡಿಂಗ್ ಶುರುಮಾಡಿ, ಕಾಲರ್ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆದು ಕೇಳಿ. ಕೆರೆದ ಸದ್ದು ಜೋರಾಗಿ ಬಂದಿದ್ದರೆ ಸರಿ. ಇಲ್ಲವಾದರೆ ಆ ಮೈಕ್ ಕೆಲಸ ಮಾಡುತ್ತಿಲ್ಲ.

ಭಾನುವಾರದ ಕನ್ನಡ ತರಗತಿಗೂ ಕಾಲರ್ ಮೈಕೇ ಒಳ್ಳೆಯದು. ಶಿಕ್ಷಕಿ ಹಲಗೆಯ ಕಡೆ ತಿರುಗಿದರೂ ಮೈಕ್ ಬಾಯಿಯ ಹತ್ತಿರವೇ ಉಳಿಯುತ್ತದೆ. ಅವರು ಓಡಾಡುವುದರಿಂದ ತಂತಿಯಿಲ್ಲದ್ದು ಅನುಕೂಲ. ಆದರೆ ಹಿಂದಿನ ಬೆಂಚಿನ ಮಕ್ಕಳ ಉತ್ತರ ಅದಕ್ಕೆ ಸರಿಯಾಗಿ ಕೇಳಿಸದು. ಮಗು ಹೇಳಿದ್ದನ್ನು ಶಿಕ್ಷಕಿ ಒಮ್ಮೆ ತಾವೇ ಪುನರುಚ್ಚರಿಸಿದರೆ ಸಾಕು.

ಉದ್ದನೆಯ ಶಾಟ್‌ಗನ್ ಮೈಕ್ ಕಂಡರೆ ದೂರದ ಮಾತನ್ನು ಹತ್ತಿರಕ್ಕೆ ಎಳೆಯುತ್ತದೆಂದು ಹಲವರು ನಂಬುತ್ತಾರೆ. ಅದು ದೂರದರ್ಶಕವಲ್ಲ, ಅಕ್ಕಪಕ್ಕದ ಸದ್ದನ್ನು ಕಡಿಮೆ ಮಾಡುತ್ತದೆ, ಅಷ್ಟೇ. ಸಣ್ಣ ಕೋಣೆಯಲ್ಲಿ ಗೋಡೆ, ಮಾಡುಗಳಿಂದ ಮರಳಿದ ದನಿ ಎಲ್ಲ ದಿಕ್ಕಿನಿಂದಲೂ ಒಳನುಗ್ಗಿ ಮಾತು ಟೊಳ್ಳಾಗುತ್ತದೆ. ಅದರ ನಿಜವಾದ ಜಾಗ ಬಯಲು. ಅಲ್ಲಿಯೂ ಕೋಲಿಗೆ ಕಟ್ಟಿ, ಚಿತ್ರದ ಚೌಕಟ್ಟಿಗೆ ಬೀಳದಂತೆ ತಲೆಯ ಮೇಲಿಂದ ಎರಡು-ಮೂರು ಅಡಿಯೊಳಗೆ ಹಿಡಿದು, ಎದೆಯತ್ತ ಗುರಿಯಿಡಬೇಕು. ಕ್ಯಾಮೆರಾದ ಮೇಲೆಯೇ ಕೂರಿಸಿದರೆ, ಮಾತನಾಡುವವರ ಬೆನ್ನ ಹಿಂದಿನ ಸದ್ದೂ ಗುರಿಯೊಳಗೇ ಬರುತ್ತದೆ. ಆದ್ದರಿಂದ ಅವರ ಬೆನ್ನು ರಸ್ತೆಯ ಕಡೆಗಿರದಂತೆ ನಿಲ್ಲಿಸಬೇಕು. ಚೌಪಾಟಿಯಂತಹ ಗಾಳಿಯ ಜಾಗದಲ್ಲಿ ಬರಿಯ ಸ್ಪಂಜಿನ ಟೊಪ್ಪಿ ಸಾಲದು, ತುಪ್ಪಳದ ಹೊದಿಕೆ ಬೇಕು. ಮೈಕಿಗೆ ಗಾಳಿ ಬಡಿದ ಗುಡುಗಿನಂಥ ಸದ್ದನ್ನು ಆಮೇಲೆ ಪೂರ್ತಿ ತೆಗೆಯಲಾಗದು.

ಹಾಗಾದರೆ ಖರ್ಚಿಲ್ಲದ ದಾರಿ ಇಲ್ಲವೇ? ಇದೆ. ಕಳೆದ ತಿಂಗಳು ಇನ್ನೊಬ್ಬ ಹಿರಿಯರ ಮನೆಗೆ ಹೋದಾಗ ಎರಡು ಮೊಬೈಲ್ ಒಯ್ದಿದ್ದೆ. ಒಂದು ಚಿತ್ರಕ್ಕೆ, ಎಂಟು ಅಡಿ ದೂರದಲ್ಲಿ. ಎರಡನೆಯದರಲ್ಲಿ ದನಿ ಮಾತ್ರ ರೆಕಾರ್ಡ್ ಮಾಡಲು ಇಟ್ಟು, ಮೈಕಿರುವ ಕೆಳತುದಿ ಮೇಲೆ ಬರುವಂತೆ ಅವರ ಅಂಗಿಯ ಜೇಬಿನಲ್ಲಿ ತಲೆಕೆಳಗಾಗಿ ಇರಿಸಿದೆ. ನಡುವೆ ಕರೆ ಬಂದು ರೆಕಾರ್ಡಿಂಗ್ ನಿಲ್ಲದಂತೆ ಎರಡನ್ನೂ ಫ್ಲೈಟ್ ಮೋಡ್‌ಗೆ ಹಾಕಿದೆ. ಆರಂಭದಲ್ಲಿ ಜೋರಾಗಿ ಒಂದು ಚಪ್ಪಾಳೆ ತಟ್ಟಿದೆ; ಚಿತ್ರದಲ್ಲಿ ಕೈ ಕೂಡಿದ ಕ್ಷಣಕ್ಕೆ ದನಿಯಲ್ಲಿನ ಚಪ್ಪಾಳೆಯನ್ನು ಹೊಂದಿಸಿದರೆ ಎರಡೂ ಜತೆಯಾಗುತ್ತವೆ. ಒಂದು ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿ ಕೇಳಿದೆ. ಫ್ಯಾನ್ ಇನ್ನೂ ಕೇಳುತ್ತಿತ್ತು. "ಅದನ್ನು ನಿಲ್ಲಿಸಿ ಮಾರಾಯ್ರೆ, ಸೆಕೆ ನನಗೇನೂ ಹೊಸತಲ್ಲ" ಎಂದರು ಅವರು.

ಅಂದು ಅವರು ಒಂದೂವರೆ ಗಂಟೆ ಮಾತನಾಡಿದರು. ಒಂದು ಶಬ್ದವೂ ಕಳೆದುಹೋಗಿಲ್ಲ.