ಮೆನು ಚಿತ್ರದಲ್ಲಿ ಹಸಿರು ಚುಕ್ಕೆ ಕಳೆದುಹೋಗದಿರಲಿ

ಹೋಟೆಲಿನ ಮೆನು ಕಾರ್ಡಿನ ಛಾಯಾಚಿತ್ರ ತೆಗೆದು, ಅದರಲ್ಲಿರುವ ತಿನಿಸಿನ ಹೆಸರು, ವಿವರಣೆ, ಬೆಲೆ ಮೂರನ್ನೂ ಕಂಪ್ಯೂಟರಿನ ಪಟ್ಟಿಯಾಗಿ ಮಾರ್ಪಡಿಸುವ ಕೆಲಸ ಈಗ ಹಲವು ಕಡೆ ನಡೆಯುತ್ತದೆ. ಬಿಲ್ ಹಾಕುವ ಯಂತ್ರಕ್ಕೆ ಈ ಪಟ್ಟಿ ಬೇಕು, ಮನೆಗೆ ಊಟ ತಲಪಿಸುವವರಿಗೂ ಬೇಕು. ಚಿತ್ರದಿಂದ ಅಕ್ಷರಗಳನ್ನು ಓದಿಕೊಡುವ ಓ.ಸಿ.ಆರ್. ಎಂಬ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಹೀಗಾಗಿ ಇದು ಕಾಲೇಜು ವಿದ್ಯಾರ್ಥಿಯೂ ಮಾಡಬಹುದಾದ ಕೆಲಸ.

ಆದರೆ ಮೆನುವಿನಲ್ಲಿ ಅಕ್ಷರವಲ್ಲದ ಇನ್ನೊಂದು ವಸ್ತು ಇರುತ್ತದೆ. ಅದೇ ಪ್ರತಿ ತಿನಿಸಿನ ಪಕ್ಕದ ಸಸ್ಯಾಹಾರ ಅಥವಾ ಮಾಂಸಾಹಾರದ ಗುರುತು. ಕಾಗುಣಿತ ತಪ್ಪಿದರೆ ಗಿರಾಕಿ ನಕ್ಕು ಸುಮ್ಮನಾಗುತ್ತಾನೆ. ಬೆಲೆ ತಪ್ಪಿದರೆ ಗಲ್ಲಾಪೆಟ್ಟಿಗೆಯ ಬಳಿ ಜಗಳವಾಡಿ ಸರಿಮಾಡಿಕೊಳ್ಳುತ್ತಾನೆ. ಗುರುತು ತಪ್ಪಿದರೆ ಮಾತ್ರ ಸರಿಪಡಿಸಲು ಬರುವುದಿಲ್ಲ. ವ್ರತದಲ್ಲಿರುವ ಅಜ್ಜಿ ಒಂದು ತುತ್ತು ತಿಂದಾದ ಮೇಲೆ ಅದರಲ್ಲಿ ಮೊಟ್ಟೆ ಇತ್ತೆಂದು ತಿಳಿದರೆ ಏನು ಪ್ರಯೋಜನ?

ಗುರುತಿನ ಪರಿಚಯ

ಪೊಟ್ಟಣದ ಆಹಾರದ ಮೇಲೆ ಇಂಥ ಗುರುತು ಹಾಕಬೇಕೆಂಬ ನಿಯಮ ನಮ್ಮ ದೇಶದಲ್ಲಿ 2001ರಲ್ಲಿ ಬಂತು. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ಚೌಕದೊಳಗೆ ಕಂದು ಚುಕ್ಕೆ ಇದ್ದರೆ ಮಾಂಸಾಹಾರ. ಹಸಿರು ಮತ್ತು ಕಂದು ಬಣ್ಣಗಳ ವ್ಯತ್ಯಾಸ ಕಾಣದ ವರ್ಣಾಂಧರಿಗೆ ಎರಡೂ ಒಂದೇ ರೀತಿ ತೋರುತ್ತಿದ್ದವು. ಆದ್ದರಿಂದ 2020ರ ನಿಯಮಾವಳಿಯಲ್ಲಿ ಮಾಂಸಾಹಾರದ ಚುಕ್ಕೆಯ ಬದಲು ಕಂದು ತ್ರಿಕೋನ ಬಂತು. ಮೊಟ್ಟೆ ಇರುವ ಆಹಾರ ಈ ನಿಯಮದ ಪ್ರಕಾರ ಮಾಂಸಾಹಾರವೇ. ಹಾಲು ಮತ್ತು ಹಾಲಿನ ಪದಾರ್ಥಗಳು ಹಾಗಲ್ಲ.

ಹೋಟೆಲಿನ ಮೆನುಗಳಲ್ಲಿಯೂ ಇದೇ ಗುರುತುಗಳನ್ನು ಬಳಸುವ ರೂಢಿ ಬೆಳೆದಿದೆ. ಆದರೆ ಮುದ್ರಿಸುವವರು ತಮ್ಮ ಇಷ್ಟದಂತೆ ಬದಲಾಯಿಸಿಕೊಂಡಿರುತ್ತಾರೆ. ಕೆಲವರು ಕಂದಿನ ಬದಲು ಕೆಂಪು ಬಣ್ಣ ಹಾಕುತ್ತಾರೆ, ಕೆಲವರು ಮೊಟ್ಟೆಗೆಂದು ಹಳದಿ ಚುಕ್ಕೆ ಇಡುತ್ತಾರೆ. ಹಳೆಯ ಕಾರ್ಡುಗಳಲ್ಲಿ ತ್ರಿಕೋನದ ಬದಲು ಚುಕ್ಕೆಯೇ ಉಳಿದಿರುತ್ತದೆ. ಇಷ್ಟನ್ನೂ ತಿಳಿದುಕೊಂಡೇ ಕೆಲಸಕ್ಕೆ ಕೈಹಾಕಬೇಕು.

ಬಣ್ಣ ಎಲ್ಲಿ ಮಾಯವಾಗುತ್ತದೆ?

ಅಕ್ಷರ ಓದುವ ತಂತ್ರಾಂಶಕ್ಕೆ ಕಪ್ಪು ಬಿಳುಪಿನ ಚಿತ್ರವೆಂದರೆ ಅಚ್ಚುಮೆಚ್ಚು. ಆದ್ದರಿಂದ ಸಾಮಾನ್ಯವಾಗಿ ಮೊದಲ ಹೆಜ್ಜೆಯಲ್ಲಿಯೇ ಚಿತ್ರದ ಬಣ್ಣ ತೆಗೆದುಬಿಡುತ್ತಾರೆ. ಚಿತ್ರದ ಪ್ರತಿಯೊಂದು ಕಣದಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಶಗಳಿಗೆ 0ಯಿಂದ 255ರವರೆಗಿನ ಒಂದೊಂದು ಸಂಖ್ಯೆ ಇರುತ್ತದೆ. ಬೂದು ಬಣ್ಣಕ್ಕೆ ಇಳಿಸುವ ಸೂತ್ರ ಹೀಗಿದೆ:

```
Y = 0.299 R + 0.587 G + 0.114 B
```

ಹಸಿರು ಚುಕ್ಕೆಯ ಸಂಖ್ಯೆಗಳು 0, 128, 0 ಎಂದುಕೊಳ್ಳೋಣ. ಸೂತ್ರದ ಪ್ರಕಾರ ಅದು 75 ಆಗುತ್ತದೆ. ಕಂದು ಚುಕ್ಕೆಯ ಸಂಖ್ಯೆಗಳು 150, 75, 30 ಆದರೆ ಉತ್ತರ 92. ಮುಂದಿನ ಹೆಜ್ಜೆಯಲ್ಲಿ 128ಕ್ಕಿಂತ ಕಡಿಮೆ ಇರುವುದೆಲ್ಲ ಕಪ್ಪು ಎಂದು ತೀರ್ಮಾನಿಸಿದರೆ ಎರಡೂ ಚುಕ್ಕೆಗಳು ಅಪ್ಪಟ ಕಪ್ಪು. ಅಲ್ಲಿಗೆ ಸಸ್ಯಾಹಾರ, ಮಾಂಸಾಹಾರಗಳ ಭೇದ ಮುಗಿಯಿತು. ಉಳಿದ ಕಪ್ಪು ಚುಕ್ಕೆಯನ್ನು ತಂತ್ರಾಂಶ ಅಕ್ಷರವೆಂದು ಭ್ರಮಿಸಿ ಹೆಸರಿನ ಮುಂದೆ ಒಂದು ಸೊನ್ನೆಯನ್ನೋ ಇಂಗ್ಲಿಷಿನ ಓ ಅಕ್ಷರವನ್ನೋ ಅಂಟಿಸುವುದೂ ಉಂಟು.

ಪರಿಹಾರ ಸರಳ. ಒಂದೇ ಚಿತ್ರದ ಎರಡು ಪ್ರತಿ ಇಟ್ಟುಕೊಳ್ಳಬೇಕು. ಕಪ್ಪು ಬಿಳುಪಿನ ಪ್ರತಿಯಿಂದ ಅಕ್ಷರ ಓದಬೇಕು, ಬಣ್ಣದ ಪ್ರತಿಯಿಂದ ಗುರುತು ಹುಡುಕಬೇಕು. ಕಾರ್ಡಿನ ನಾಲ್ಕು ಮೂಲೆಗಳನ್ನು ಹಿಡಿದು ಚಿತ್ರವನ್ನು ನೆಟ್ಟಗೆ ಮಾಡುವ ಕೆಲಸ ಪ್ರತಿ ಮಾಡುವುದಕ್ಕೆ ಮೊದಲೇ ಆಗಬೇಕು. ಆಗ ಎರಡು ಪ್ರತಿಗಳಲ್ಲೂ ಅಳತೆಗಳು ಒಂದೇ ಆಗಿರುತ್ತವೆ.

ಹಳದಿ ದೀಪದ ಮೋಸ

ಹೋಟೆಲಿನ ಹಳದಿ ದೀಪದ ಕೆಳಗೆ ತೆಗೆದ ಚಿತ್ರದಲ್ಲಿ ಬಿಳಿ ಕಾಗದವೇ ಹಳದಿಯಾಗಿ ಕಾಣುತ್ತದೆ. ಒಂದು ಚಿತ್ರದಲ್ಲಿ ಕಾಗದದ ಸಂಖ್ಯೆಗಳು 250, 190, 110 ಮತ್ತು ಹಸಿರು ಚುಕ್ಕೆಯ ಸಂಖ್ಯೆಗಳು 85, 95, 30 ಇವೆ ಎಂದುಕೊಳ್ಳೋಣ. ಬಣ್ಣಗಳನ್ನು ಒಂದು ವೃತ್ತದ ಮೇಲೆ ಜೋಡಿಸಿ ಕೋನದಿಂದ ಹೇಳುವ ಪದ್ಧತಿಯಿದೆ. ಅದರಲ್ಲಿ ಹಳದಿ 60 ಡಿಗ್ರಿ, ಹಸಿರು 120 ಡಿಗ್ರಿ. ಈ ಚುಕ್ಕೆಯ ಕೋನ 69 ಡಿಗ್ರಿ ಬರುತ್ತದೆ. ಅಂದರೆ ಯಂತ್ರ ಇದನ್ನು ಹಳದಿ ಎಂದು, ಮೊಟ್ಟೆಯ ಗುರುತೆಂದು ತಿಳಿದರೆ ಆಶ್ಚರ್ಯವಿಲ್ಲ.

ಕಾಗದ ನಿಜವಾಗಿ ಬಿಳಿ ಎಂಬುದು ನಮಗೆ ಗೊತ್ತು. ಆದ್ದರಿಂದ ಅದರ ಮೂರು ಸಂಖ್ಯೆಗಳೂ 255 ಆಗುವಂತೆ ಹಿಗ್ಗಿಸಿ, ಚುಕ್ಕೆಯ ಸಂಖ್ಯೆಗಳನ್ನೂ ಅದೇ ಪ್ರಮಾಣದಲ್ಲಿ ಹಿಗ್ಗಿಸಬೇಕು. ಕೆಂಪಿನ 85 ಈಗ 87 ಆಗುತ್ತದೆ, ಹಸಿರಿನ 95 ಈಗ 128, ನೀಲಿಯ 30 ಈಗ 70. ಹೊಸ ಕೋನ 102 ಡಿಗ್ರಿ. ಇದು ಹಸಿರೇ ಸರಿ.

ಬಣ್ಣದ ಸಾಕ್ಷ್ಯದ ಜೊತೆಗೆ ಆಕಾರದ ಸಾಕ್ಷ್ಯವನ್ನೂ ಕೇಳಬಹುದು. ವೃತ್ತ ತನ್ನನ್ನು ಬಿಗಿಯಾಗಿ ಸುತ್ತುವರಿದ ಚೌಕದ 78.5 ಭಾಗವನ್ನು ಶೇಕಡಾವಾರು ತುಂಬುತ್ತದೆ. ತ್ರಿಕೋನ ತನ್ನನ್ನು ಸುತ್ತುವರಿದ ಆಯತದ ಅರ್ಧವನ್ನು ಮಾತ್ರ ತುಂಬುತ್ತದೆ. ಹೈಸ್ಕೂಲಿನ ರೇಖಾಗಣಿತ ಇಷ್ಟಕ್ಕೆ ಸಾಕು. ತ್ರಿಕೋನ ಕಂಡು ಬಣ್ಣ ಹಸಿರು ಬಂದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ. ಚುಕ್ಕೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹಳೆಯ ಕಾರ್ಡಿನಲ್ಲಿ ಮಾಂಸಾಹಾರಕ್ಕೂ ಚುಕ್ಕೆಯೇ ಇರುವುದರಿಂದ ಅಲ್ಲಿ ಬಣ್ಣವೇ ಕೊನೆಯ ಮಾತು.

ಚಿತ್ರವನ್ನು ಮೊಬೈಲಿನಿಂದ ಮೊಬೈಲಿಗೆ ಕಳಿಸುವಾಗಲೂ ಹಾನಿಯಾಗುತ್ತದೆ. 30 ಸೆಂಟಿಮೀಟರ್ ಉದ್ದದ ಕಾರ್ಡು 4000 ಕಣಗಳಲ್ಲಿ ಮೂಡಿದ್ದರೆ 3 ಮಿಲಿಮೀಟರಿನ ಗುರುತಿಗೆ 40 ಕಣ ಸಿಗುತ್ತವೆ. ಚಿತ್ರವನ್ನು 1600 ಕಣಗಳಿಗೆ ಕುಗ್ಗಿಸಿದರೆ ಸಿಗುವುದು 16 ಮಾತ್ರ. ಜೆಪೆಗ್ ವಿಧಾನದಲ್ಲಿ ಬಣ್ಣದ ವಿವರವನ್ನು ಸಾಮಾನ್ಯವಾಗಿ ಅರ್ಧ ಸೂಕ್ಷ್ಮತೆಯಲ್ಲಿ ಉಳಿಸುವುದರಿಂದ, ಬಣ್ಣದ ಪಾಲಿಗೆ ಅದು 8 ಕಣಗಳಷ್ಟೇ. ಅಕ್ಷರ ಚೆನ್ನಾಗಿ ಕಾಣುತ್ತಿದೆ, ಗುರುತು ಮಾತ್ರ ಮಸುಕಾಗಿದೆ ಎಂದರೆ ಕಾರಣ ಇದೇ ಇರಬಹುದು. ಮೂಲ ಚಿತ್ರವನ್ನೇ ತರಿಸಿಕೊಳ್ಳುವುದು ಲೇಸು.

ಸರದಿಯಲ್ಲ, ಸ್ಥಾನ

ಗುರುತುಗಳು ಸಿಕ್ಕ ಮೇಲೆ ಯಾವ ಗುರುತು ಯಾವ ತಿನಿಸಿನದು ಎಂದು ಜೋಡಿಸಬೇಕು. ದೊಡ್ಡ ಅನಾಹುತ ಆಗುವುದು ಇಲ್ಲಿಯೇ. ಒಂದು ಪುಟದಲ್ಲಿ ಆರು ತಿನಿಸುಗಳಿವೆ ಎಂದುಕೊಳ್ಳೋಣ: ವೆಜ್ ಫ್ರೈಡ್ ರೈಸ್, ಎಗ್ ಫ್ರೈಡ್ ರೈಸ್, ಚಿಕನ್ ಫ್ರೈಡ್ ರೈಸ್, ಶೆಜ್ವಾನ್ ವೆಜ್ ರೈಸ್, ಮಶ್ರೂಮ್ ರೈಸ್, ಚಿಕನ್ ನೂಡಲ್ಸ್. ಕಾರ್ಡಿನಲ್ಲಿ ಇವುಗಳ ಗುರುತು ಕ್ರಮವಾಗಿ ಹಸಿರು, ಕಂದು, ಕಂದು, ಹಸಿರು, ಹಸಿರು, ಕಂದು. ಕಾರ್ಡಿಗೆ ಪ್ಲಾಸ್ಟಿಕ್ ಹೊದಿಕೆ ಇದೆ. ದೀಪದ ಪ್ರತಿಫಲನ ಮೊದಲ ಗುರುತಿನ ಮೇಲೆ ಬಿದ್ದು ಅದು ಬೆಳ್ಳಗಾಗಿಬಿಟ್ಟಿದೆ.

ಯಂತ್ರಕ್ಕೆ ಸಿಕ್ಕ ಗುರುತುಗಳು ಐದು: ಕಂದು, ಕಂದು, ಹಸಿರು, ಹಸಿರು, ಕಂದು. ಇವನ್ನು ಮೇಲಿನಿಂದ ಸರದಿಯಂತೆ ಹಂಚಿದರೆ ವೆಜ್ ಫ್ರೈಡ್ ರೈಸ್ ಮಾಂಸಾಹಾರವಾಗುತ್ತದೆ, ಚಿಕನ್ ಫ್ರೈಡ್ ರೈಸಿಗೆ ಹಸಿರು ಚುಕ್ಕೆ ಬೀಳುತ್ತದೆ! ಕಾಣದೆ ಹೋದದ್ದು ಒಂದು ಗುರುತು, ಕೆಟ್ಟದ್ದು ಮಾತ್ರ ಹಲವು ಸಾಲು.

ಆದ್ದರಿಂದ ಸ್ಥಾನ ನೋಡಿ ಜೋಡಿಸಬೇಕು. ಓ.ಸಿ.ಆರ್. ತಂತ್ರಾಂಶ ಪ್ರತಿ ಪದದ ಜೊತೆಗೆ ಅದು ಪುಟದ ಎಡದಿಂದ, ಮೇಲಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನೂ ಕೊಡಬಲ್ಲದು. ನಮ್ಮ ಆರು ಹೆಸರುಗಳ ಮಧ್ಯಬಿಂದು ಮೇಲಿನಿಂದ 420, 540, 660, 780, 900, 1020 ಕಣಗಳ ದೂರದಲ್ಲಿವೆ. ಸಿಕ್ಕ ಗುರುತುಗಳು 541, 662, 779, 901, 1019ರಲ್ಲಿವೆ. ಅಕ್ಷರದ ಎತ್ತರ 40 ಕಣ ಇರುವುದರಿಂದ ಅದರ ಅರ್ಧ, ಅಂದರೆ 20 ಕಣದೊಳಗೆ ಇರುವ ಗುರುತನ್ನು ಮಾತ್ರ ಆ ಹೆಸರಿಗೆ ಕೊಡಬೇಕು. 420ರ ಬಳಿ ಯಾವ ಗುರುತೂ ಇಲ್ಲ. ಹಾಗಾಗಿ ವೆಜ್ ಫ್ರೈಡ್ ರೈಸ್ ಮುಂದೆ ‘ತಿಳಿಯದು’ ಎಂದು ಬರೆಯಬೇಕು. ಉಳಿದ ಐದೂ ಸರಿಯಾಗಿಯೇ ಇವೆ.

```
{"name": "Veg Fried Rice", "price": 140, "mark": "unknown"}
{"name": "Egg Fried Rice", "price": 150, "mark": "nonveg"}
{"name": "Chicken Fried Rice", "price": 180, "mark": "nonveg"}
```

ವಿವರಣೆಗೂ ಇದೇ ಉಪಾಯ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿದ್ದು, ಪಕ್ಕದಲ್ಲಿ ಬೆಲೆಯೂ ಗುರುತೂ ಇಲ್ಲದ ಸಾಲು ಮೇಲಿನ ತಿನಿಸಿನ ವಿವರಣೆ. ಪುಟದಲ್ಲಿ ಎರಡು ಅಂಕಣಗಳಿದ್ದರೆ ಮೊದಲು ನಡುವಿನ ಖಾಲಿ ಜಾಗ ಗುರುತಿಸಿ ಪುಟವನ್ನು ಇಬ್ಭಾಗ ಮಾಡಬೇಕು. ಇಲ್ಲವಾದರೆ ಯಂತ್ರ ಎಡದಿಂದ ಬಲಕ್ಕೆ ಓದುತ್ತಾ ಹೋಗಿ ಎಡಗಡೆಯ ಪನೀರಿಗೆ ಬಲಗಡೆಯ ಮೀನಿನ ವಿವರಣೆ ಸೇರಿಸುತ್ತದೆ.

ಹೆಸರು ನೋಡಿ ಊಹಿಸಬಹುದೇ?

‘ವೆಜ್ ಫ್ರೈಡ್ ರೈಸ್ ಎಂದ ಮೇಲೆ ಅದು ಹಸಿರೇ ಅಲ್ಲವೇ? ತಿಳಿಯದು ಎಂದು ಏಕೆ ಬರೆಯಬೇಕು?’ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಈ ಸಾಲಿನಲ್ಲಿ ಊಹೆ ಸರಿಯೇ. ಆದರೆ ಇದನ್ನೇ ನಿಯಮ ಮಾಡಿಕೊಂಡರೆ ಹಾದಿ ತಪ್ಪುತ್ತದೆ. ಬಾಂಬೆ ಡಕ್ ಬಾತುಕೋಳಿಯಲ್ಲ, ಒಂದು ಬಗೆಯ ಮೀನು. ಹರಾ ಭರಾ ಕಬಾಬಿನಲ್ಲಿ ಇರುವುದು ಪಾಲಕ್ ಸೊಪ್ಪು, ಬಟಾಣಿ, ಆಲೂಗಡ್ಡೆ. ಬರೀ ‘ನೂಡಲ್ಸ್’ ಎಂದಿದ್ದರೆ ಅದರಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಅಡುಗೆಯವರಿಗೇ ಗೊತ್ತು. ಆದ್ದರಿಂದ ಹೆಸರನ್ನು ತಾಳೆ ನೋಡುವುದಕ್ಕೆ ಬಳಸಬಹುದು, ಗುರುತು ಕೊಡುವುದಕ್ಕೆ ಬಳಸಬಾರದು. ಹೆಸರಿನಲ್ಲಿ ಚಿಕನ್ ಇದ್ದು ಗುರುತು ಹಸಿರು ಬಂದರೆ ಆ ಸಾಲನ್ನು ಮನುಷ್ಯರು ಕಣ್ಣಿಟ್ಟು ನೋಡಬೇಕು. ಹಾಗೆಯೇ ಹಳದಿ ಚುಕ್ಕೆ ಕಂಡಲ್ಲಿ ಅದನ್ನು ಹಸಿರಿಗೋ ಕಂದಿಗೋ ಸೇರಿಸದೆ ಮೊಟ್ಟೆ ಎಂದೇ ಉಳಿಸಬೇಕು.

ಒಂದೇ ಸಾಲಿನಲ್ಲಿ ‘ನೂಡಲ್ಸ್: ವೆಜ್ / ಎಗ್ / ಚಿಕನ್’ ಎಂದಿದ್ದು ಮುಂದೆ 140 / 160 / 190 ಎಂದು ಬೆಲೆ ಇದ್ದರೆ ಅದು ಮೂರು ತಿನಿಸು. ಹೆಸರು ಮೂರು, ಬೆಲೆ ಮೂರು, ಗುರುತೂ ಮೂರು ಸಿಕ್ಕರೆ ಎಡದಿಂದ ಬಲಕ್ಕೆ ಜೋಡಿಸಬಹುದು. ಗುರುತು ಎರಡೇ ಇದ್ದರೆ ಮೂರೂ ಸಾಲಿಗೆ ‘ತಿಳಿಯದು’ ಎಂದು ಬರೆದು ಕೇಳಿ ತಿಳಿಯಬೇಕು.

ಕೊನೆಯ ತಾಳೆ

ಬೆಲೆಯ ಅಂಕಣದಲ್ಲಿ ಎರಡು ತಪ್ಪು ಪದೇ ಪದೇ ಕಾಣುತ್ತವೆ. ರೂಪಾಯಿಯ ಚಿಹ್ನೆಯನ್ನು ಯಂತ್ರ ಅಂಕಿಯೆಂದು ಓದಿ 180ನ್ನು 7180 ಮಾಡುತ್ತದೆ. ‘80/-’ ಎಂಬಲ್ಲಿನ ಓರೆ ಗೆರೆಯನ್ನು ಒಂದು ಎಂದು ಓದಿ 801 ಮಾಡುತ್ತದೆ. ಅದೇ ವಿಭಾಗದ ಅಕ್ಕಪಕ್ಕದ ಬೆಲೆಗಳ ಜೊತೆ ಹೋಲಿಸಿದರೆ ಇವು ಕೂಡಲೇ ಎದ್ದು ಕಾಣುತ್ತವೆ.

ಗುರುತಿಗೆ ತಾಳೆ ನೋಡುವುದು ಇನ್ನೂ ಸುಲಭ. ತಿನಿಸುಗಳೆಷ್ಟು, ಬೆಲೆಗಳೆಷ್ಟು, ಗುರುತುಗಳೆಷ್ಟು ಎಂದು ಪುಟಕ್ಕೊಮ್ಮೆ ಎಣಿಸಬೇಕು. ಮೂರೂ ಸಮ ಬಾರದಿದ್ದರೆ ಆ ಪುಟವನ್ನು ಮುಂದೆ ಬಿಡಬಾರದು. ಕೆಲವು ಕಾರ್ಡುಗಳಲ್ಲಿ ವಿಭಾಗದ ಶೀರ್ಷಿಕೆಗೆ ಮಾತ್ರ ಒಂದು ಗುರುತಿದ್ದು, ಕೆಳಗಿನ ಎಲ್ಲ ತಿನಿಸಿಗೂ ಅದೇ ಅನ್ವಯಿಸುತ್ತದೆ. ಅಂಥಲ್ಲಿ ಎಣಿಕೆ ಸಮ ಬರುವುದಿಲ್ಲ. ಶೀರ್ಷಿಕೆಯ ಗುರುತನ್ನು ಕೆಳಗಿನ ಸಾಲುಗಳಿಗೆ ಹಂಚುವ ಮುನ್ನ ಹೋಟೆಲಿನವರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.

‘ತಿಳಿಯದು’ ಎಂದು ಉಳಿದ ಸಾಲುಗಳಿಗೆ ಇನ್ನೊಂದು ಚಿತ್ರವೇ ಮದ್ದು. ಕಾರ್ಡನ್ನು ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ, ದೀಪದ ಪ್ರತಿಫಲನ ಬೀಳದಂತೆ ತುಸು ಓರೆಯಾಗಿ ಹಿಡಿದು ಮತ್ತೆ ತೆಗೆದರೆ ಸಾಕು. ಮೊದಲ ಚಿತ್ರದಲ್ಲಿ ಬೆಳ್ಳಗಾಗಿದ್ದ ಜಾಗದಲ್ಲಿ ಈಗ ಹಸಿರು ಚುಕ್ಕೆ ಕಾಣುತ್ತದೆ. ಅದನ್ನು ನೋಡಿದ ಮೇಲೆಯೇ ಆ ಸಾಲಿನಲ್ಲಿ ಸಸ್ಯಾಹಾರ ಎಂದು ಬರೆಯಬೇಕು.